ಗಣೇಶ ವಿಸರ್ಜನೆಯ ದಿನದ ಲೆಕ್ಕ: ಸತ್ಯಾಂಶ

"ಕೂರಿಸಿದ ಮರುದಿನವೇ ಒಂದನೇ ದಿನ. ಹನ್ನೊಂದು ದಿನ ತುಂಬಿಸದೆ ಬಿಟ್ಟರೆ ದೋಷ ಅಂತ ಫಾರ್ವರ್ಡ್ ಬಂದಿದೆ, ನಿಜವೇ?"

ಎರಡೂ ತಪ್ಪು. ಪ್ರತಿಷ್ಠಾಪನೆಯ ದಿನವೇ ಒಂದನೇ ದಿನ. 2025ರಲ್ಲಿ ಚೌತಿ ಆಗಸ್ಟ್ 27ಕ್ಕೆ ಬಂದಿತ್ತು. ಆದ್ದರಿಂದ ಮೂರನೇ ದಿನ 29, ಐದನೆಯದು 31, ಏಳನೆಯದು ಸೆಪ್ಟೆಂಬರ್ 2, ಹನ್ನೊಂದನೆಯದು 6. ಮೂರು ದಿನ ಎಂದು 27ಕ್ಕೆ ಮೂರು ಕೂಡಿಸಿದರೆ 30 ಬರುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ.

ಎಷ್ಟು ದಿನ ಇಡಬೇಕೆಂಬುದು ಮನೆತನದ ಪದ್ಧತಿ, ನಿತ್ಯಪೂಜೆಯ ಅನುಕೂಲಕ್ಕೆ ಬಿಟ್ಟದ್ದು. ಅದೇ ಸಂಜೆ ಬಿಡುವ ಮನೆಗಳೂ ಇವೆ.

ಹನ್ನೊಂದನೇ ದಿನದ ಲೆಕ್ಕ ಮಾತ್ರ ಸ್ವಲ್ಪ ಬೇರೆ. ಅದರ ಗುರಿ ಅನಂತ ಚತುರ್ದಶಿ. ಚೌತಿಯಿಂದ ಅಲ್ಲಿಗೆ ಹನ್ನೊಂದು ತಿಥಿ, ಆದರೆ ನಡುವೆ ತಿಥಿ ಕ್ಷಯವಾದರೆ ಒಂದು ದಿನ ಕಡಿಮೆಯಾಗುತ್ತದೆ. 2022ರಲ್ಲಿ ಆಗಸ್ಟ್ 31ಕ್ಕೆ ಚೌತಿ, ಸೆಪ್ಟೆಂಬರ್ 9ಕ್ಕೆ ಚತುರ್ದಶಿ: ಎಣಿಸಿದರೆ ಹತ್ತೇ ದಿನ.