ಮೂತಿಗೂ ಟೇಪ್ ಸುತ್ತು

ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ 2024ರ ಬೇಸಿಗೆಯಲ್ಲಿ ಬೆಂಗಳೂರು ಜಲಮಂಡಳಿ ಆದೇಶ ಹೊರಡಿಸಿತ್ತು. ಸೋರುವ ನಲ್ಲಿಯ ವಿಚಾರಣೆ ಮಾತ್ರ ಈಗಲೂ ವಾಟ್ಸಾಪ್‌ನಲ್ಲೇ ನಡೆಯುತ್ತದೆ. ಹೊಸದಾಗಿ ಬಾಡಿಗೆ ಮನೆ ಹಿಡಿದ ಗೆಳೆಯ ತೋರಿಸಿದ ಮೆಸೇಜುಗಳಿವು. ಓನರ್ ಕಳಿಸಿದ ಗುಡ್ ಮಾರ್ನಿಂಗ್ ಗುಲಾಬಿಗಳನ್ನು ನಾನೇ ಕಿತ್ತುಹಾಕಿದ್ದೇನೆ.

ಸೋಮವಾರ

ಗೆಳೆಯ: ಅಂಕಲ್, ಬಚ್ಚಲಮನೆ ನಲ್ಲಿ ಸೋರ್ತಾ ಇದೆ.

ಓನರ್: ಗಟ್ಟಿಯಾಗಿ ತಿರುಗಿಸಪ್ಪ. ಈಗಿನ ಹುಡುಗರ ಕೈಯಲ್ಲಿ ಬಲವೇ ಇಲ್ಲ.

ಗೆಳೆಯ: ಹಾಗೆ ಬಿಗಿ ಮಾಡಿ ಮಾಡಿಯೇ ಒಳಗಿನ ವಾಷರ್ ಚಪ್ಪಟೆ ಆಗಿರೋದು ಅಂಕಲ್.

ಓನರ್: ಟೆಫ್ಲಾನ್ ಟೇಪ್ ಕೊಟ್ಟು ಕಳಿಸ್ತೀನಿ. ಸುತ್ತು.

ಗೆಳೆಯ: ಅದು ನಲ್ಲಿ ಪೈಪಿಗೆ ಸೇರೋ ಜಾಗಕ್ಕೆ. ಇಲ್ಲಿ ಸೋರ್ತಿರೋದು ಮೂತಿಯಿಂದ.

ಓನರ್: ಮೂತಿಗೂ ಸುತ್ತು.

ಬುಧವಾರ

ಗೆಳೆಯ: ರಾತ್ರಿ 10ಕ್ಕೆ ಬಕೆಟ್ ಇಟ್ಟೆ. ಬೆಳಿಗ್ಗೆ 6ಕ್ಕೆ 7 ಲೀಟರ್. ಅಂದ್ರೆ ದಿನಕ್ಕೆ 21 ಲೀಟರ್.

ಓನರ್: ರಾತ್ರಿಯೆಲ್ಲ ಅದನ್ನೇ ಕಾಯ್ತಾ ಕೂತಿದ್ಯಾ? ಕೆಲಸ ಇಲ್ವಾ?

(ಹತ್ತು ನಿಮಿಷಕ್ಕೆ ಓನರ್‌ರಿಂದ ಒಂದು ಫಾರ್ವರ್ಡ್: 'ಹನಿ ಹನಿಗೂಡಿದರೆ ಹಳ್ಳ. ನೀರು ಉಳಿಸಿ, ಹತ್ತು ಜನಕ್ಕೆ ಕಳಿಸಿ.')

ಶುಕ್ರವಾರ

ಓನರ್: ಮಗ ಹುಡುಕಿಕೊಟ್ಟ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ನೋಡು. ಪೈಪು ಓನರ್‌ದು, ವಾಷರ್ರೂ ನಲ್ಲಿಯೂ ಬಾಡಿಗೆಯವನದು.

(ಇದು ನಿಜ. ಅದರ ಪಟ್ಟಿಯಲ್ಲಿ ಹಾಗೇ ಇದೆ. ಅದು ಬರೀ ಮಾದರಿ, ರಾಜ್ಯ ಒಪ್ಪಿದರೆ ಮಾತ್ರ ಕಾನೂನು ಅನ್ನೋದನ್ನು ಮಗ ಹುಡುಕಿರಲಿಲ್ಲ.)

ಭಾನುವಾರ

ಗೆಳೆಯ: ನಾನೇ ವಾಷರ್ ಹಾಕಿಸಿದೆ ಅಂಕಲ್. ವಾಷರ್ 10 ರೂಪಾಯಿ, ಪ್ಲಂಬರ್ 300.

ಓನರ್: ನನ್ನ ಕೇಳದೆ ನಲ್ಲಿ ಬಿಚ್ಚಿಸಿದ್ಯಾ?

ಬುಧವಾರ

ಗೆಳೆಯ: ಮತ್ತೆ ಸೋರ್ತಿದೆ. ವಾಷರ್ ಕೂರೋ ಜಾಗವೇ ಸವೆದಿದೆಯಂತೆ. ಹೊಸ ನಲ್ಲಿಯೇ ಬೇಕು.

ಓನರ್: ಹಾಕಿಸಿಕೋ. ಒಳ್ಳೇ ಕಂಪನಿದು ಹಾಕಿಸು.

ಗೆಳೆಯ: ನಲ್ಲಿ ನನ್ನದೇ ಆದ್ರೆ ಖಾಲಿ ಮಾಡುವಾಗ ಬಿಚ್ಚಿಕೊಂಡು ಹೋಗಲಾ?

ಓನರ್: ಗೋಡೆಗೆ ಸೇರಿದ ಮೇಲೆ ಅದು ಮನೆದು.

ಗೆಳೆಯ: ಹಾಗಾದ್ರೆ ಇವತ್ತು ಗೋಡೆಗೆ ಸೇರಿರೋ ನಲ್ಲಿ ಯಾರದು?

(ನೀಲಿ ಗುರುತು ಬಿತ್ತು. ಉತ್ತರವಿಲ್ಲ. ಮರುದಿನ ಒಂದು ಗುಲಾಬಿ.)

1ನೇ ತಾರೀಕು

ಓನರ್: ಬಾಡಿಗೆ ಜೊತೆ ನೀರಿಗೆ 200 ಜಾಸ್ತಿ ಹಾಕು. ನಿಮ್ಮ ಮನೇಲಿ ತುಂಬಾ ನೀರು ಖರ್ಚಾಗ್ತಿದೆ.

ಗೆಳೆಯ ಹಲ್ಲು ಕಚ್ಚಿಕೊಂಡು ಹಾಕಿದ. ಆವತ್ತೇ ಸಂಜೆ ಓನರ್ ಸ್ಟೇಟಸ್‌ನಲ್ಲಿ ಅದೇ ಕಟ್ಟಡದ ಇನ್ನೊಂದು ಮನೆಯ ಫೋಟೊ. ಕೆಳಗೆ ಹೀಗಿತ್ತು: 'ಬಾಡಿಗೆಗಿದೆ. 24 ಗಂಟೆ ನೀರು.'

ಗೆಳೆಯ: ಅದಕ್ಕೆ ನಾನೇ ಸಾಕ್ಷಿ ಅಂಕಲ್.