ಅಂಗಡಿ ಮುಚ್ಚಿದ್ದ ತಿಂಗಳಿಗೂ ರಿಟರ್ನ್ ಇದೆ

"ಈ ತಿಂಗಳು ವ್ಯಾಪಾರ ಆಗಿಲ್ಲ ಅಂದ್ರೆ ಜಿಎಸ್‌ಟಿ ರಿಟರ್ನ್ ಹಾಕೋದು ಬೇಡ್ವಂತೆ, ಹೌದಾ ಸಾರ್?"

ಇಲ್ಲ, ಹಾಕಲೇಬೇಕು. ನೋಂದಣಿ ಚಾಲ್ತಿಯಲ್ಲಿ ಇರುವವರೆಗೆ ಸೊನ್ನೆ ವ್ಯಾಪಾರಕ್ಕೂ 'ನಿಲ್' ರಿಟರ್ನ್ ಇದೆ. ತಿಂಗಳಿಗೊಮ್ಮೆ ಹಾಕುವವರಿಗೆ ಮಾರಾಟದ ವಿವರ ಕೊಡುವ GSTR-1 ಮುಂದಿನ ತಿಂಗಳ 11ಕ್ಕೆ, ತೆರಿಗೆ ಲೆಕ್ಕ ಕೊಟ್ಟು ಕಟ್ಟುವ GSTR-3B 20ಕ್ಕೆ. ಮೂರು ತಿಂಗಳಿಗೊಮ್ಮೆ ಹಾಕುವವರ ದಿನಾಂಕ ಬೇರೆ. ಕೆಲವೊಮ್ಮೆ ಗಡುವು ಮುಂದಕ್ಕೂ ಹೋಗುತ್ತದೆ, ಆದರೆ ಅದನ್ನು gst.gov.in ನಲ್ಲಿ ನೋಡಿ ನಂಬಿ, ವಾಟ್ಸಾಪ್‌ನಲ್ಲಿ ಅಲ್ಲ.

ಒಂದು ಬಳೆ ಅಂಗಡಿ ಆಗಸ್ಟ್ ಪೂರ್ತಿ ಮುಚ್ಚಿತ್ತು ಅಂದುಕೊಳ್ಳಿ. ಮಾಲೀಕರು ಸುಮ್ನಿದ್ದರು. ನಿಲ್ 3B ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500. ಇಷ್ಟೇನಾ ಅನ್ನಿಸುತ್ತೆ, ಅಲ್ವಾ? ತೊಂದರೆ ಶುರುವಾಗುವುದು ಆಮೇಲೆ. ಸೆಪ್ಟೆಂಬರ್‌ನಲ್ಲಿ ವ್ಯಾಪಾರ ಜೋರು. ಆದರೆ ಆಗಸ್ಟ್‌ನದ್ದು ಹಾಕುವವರೆಗೆ ಪೋರ್ಟಲ್ ಸೆಪ್ಟೆಂಬರ್‌ನ 3B ತೆಗೆದುಕೊಳ್ಳುವುದಿಲ್ಲ. ಅದೂ ತಡವಾದರೆ ದಿನಕ್ಕೆ 50 ರೂಪಾಯಿ, ಕಟ್ಟಬೇಕಾದ ತೆರಿಗೆಗೆ ವರ್ಷಕ್ಕೆ ಶೇ. 18ರ ಬಡ್ಡಿ. ಸತತ ಆರು ತಿಂಗಳು ಬಿಟ್ಟರೆ ನೋಂದಣಿಯೇ ರದ್ದಾಗಬಹುದು.

ನಿಲ್ 3B ಹಾಕಲು ಕಂಪ್ಯೂಟರೂ ಬೇಡ. ನೋಂದಾಯಿತ ಮೊಬೈಲ್‌ನಿಂದ 14409ಕ್ಕೆ ಹೀಗೆ ಎಸ್ಎಂಎಸ್ ಕಳಿಸಿ:

```
NIL 3B GSTIN 082025
```

GSTIN ಜಾಗದಲ್ಲಿ ನಿಮ್ಮ ಜಿಎಸ್‌ಟಿ ನಂಬರ್, ಕೊನೆಗೆ ತಿಂಗಳು-ವರ್ಷ. ಬರುವ ಕೋಡ್ ಅನ್ನು `CNF 3B` ಆದಮೇಲೆ ಜಾಗ ಬಿಟ್ಟು ಬರೆದು ಅದೇ ನಂಬರ್‌ಗೆ ವಾಪಸ್ ಕಳಿಸಿ. ಆ ಕೋಡ್ ಯಾರಿಗೂ ಹೇಳಬೇಡಿ. GSTR-1 ಮೊದಲೇ ಹಾಕಿರಬೇಕು, ಅದನ್ನು ಮರೆಯುವವರೇ ಜಾಸ್ತಿ.

ಅಂಗಡಿ ಮುಚ್ಚಿದ್ದರೂ ಆ ತಿಂಗಳು ಮಾಲು ತರಿಸಿ ಅದರ ತೆರಿಗೆ ಕ್ರೆಡಿಟ್ ಬೇಕೆಂದಿದ್ದರೆ ಅದು ನಿಲ್ ಅಲ್ಲ. ಬಿಲ್ಲುಗಳನ್ನು ನಿಮ್ಮ ಲೆಕ್ಕಿಗರಿಗೆ ತೋರಿಸಿಯೇ ರಿಟರ್ನ್ ಹಾಕಿ.