ಅಂಚೆಯಣ್ಣನಿಗೆ ಗುಟ್ಟಿನ ಸನ್ಮಾನ

ನಮ್ಮ ಬೆಂಗಳೂರಿನ ಬಡಾವಣೆಯಲ್ಲಿ ಬಹುಕಾಲ ಟಪಾಲು ಹಂಚಿದ ಅಂಚೆಯಣ್ಣ ನಿವೃತ್ತರಾಗುವ ಸುದ್ದಿ ತಿಳಿದಾಗ, ಅವರಿಗೆ ಸುಳಿವು ಕೊಡದೆ ಸನ್ಮಾನ ಮಾಡಬೇಕೆಂದು ನಿವಾಸಿಗಳ ಸಂಘ ತೀರ್ಮಾನಿಸಿತು. ಅಂಚೆಯವರ ಸಮಾರಂಭಕ್ಕೆ ಅಂಚೆಯಲ್ಲೇ ಆಹ್ವಾನ ಹೋಗುವುದು ಶೋಭೆ ಎಂದವರು ನಮ್ಮ ಕಾರ್ಯದರ್ಶಿಗಳು. ಐವತ್ತು ಪೈಸೆಗೆ ಒಂದು ಪೋಸ್ಟ್ ಕಾರ್ಡು ಸಿಗುತ್ತದೆಂಬುದು ಅವರ ಉತ್ಸಾಹವನ್ನು ಇನ್ನಷ್ಟು ಹೆಚ್ಚಿಸಿತ್ತು. ಹೀಗೆ, ಯಾರಿಗೆ ಗೊತ್ತಾಗಬಾರದೋ ಅವರ ಚೀಲಕ್ಕೇ, ಲಕೋಟೆಯ ಮರೆಯೂ ಇಲ್ಲದೆ, ಗುಟ್ಟು ಬಂದು ಬಿತ್ತು.

ಸಾಲದ್ದಕ್ಕೆ ಕಾರ್ಡುಗಳ ಮೇಲಿನ ವಿಳಾಸಗಳು ಅಧ್ವಾನವಾಗಿದ್ದವು. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್ ಕೋಡಿನಲ್ಲಿ 560 ಎಂಬ ಮೊದಲ ಮೂರಂಕಿ ಕಾಗದವನ್ನು ಬೆಂಗಳೂರಿಗೆ ತರುತ್ತದೆ, ಉಳಿದ ಮೂರಂಕಿ ಬಟವಾಡೆಯ ಅಂಚೆ ಕಚೇರಿಗೆ ಮುಟ್ಟಿಸುತ್ತದೆ. ಅಲ್ಲಿಂದ ಗೇಟಿನವರೆಗಿನ ದಾರಿ ಬೀಟಿನವರ ತಲೆಯಲ್ಲಿರಬೇಕು. ನಮ್ಮಲ್ಲಿ ಅದು ಸುಲಭವಲ್ಲ. ಬಡಾವಣೆ ಮಾಡಿದಾಗ ನಿವೇಶನಗಳಿಗೆ ಕೊಟ್ಟ ಸಂಖ್ಯೆ ಒಂದು, ಆಮೇಲೆ ನಗರಾಡಳಿತದವರು ಕೊಟ್ಟದ್ದು ಇನ್ನೊಂದು. ಎರಡನೆಯ ಅಡ್ಡರಸ್ತೆಯಲ್ಲಿ ಹಳೆಯ 14 ಹೊಸ 31 ಆಗಿದೆ, ಹೊಸ 14 ಹಾಲಿನ ಬೂತಿನ ಪಕ್ಕದಲ್ಲಿದೆ, ಹಳೆಯ 31ರವರು ಮಾತ್ರ ತಮ್ಮ ಹಳೆಯ ಸಂಖ್ಯೆಯನ್ನು ಅಮೃತಶಿಲೆಯಲ್ಲಿ ಕೆತ್ತಿಸಿಟ್ಟಿರುವುದರಿಂದ ಬದಲಾಯಿಸಲು ಒಪ್ಪಿಲ್ಲ. ಕಾರ್ಯದರ್ಶಿಗಳು ಕೆಲವರಿಗೆ ಹಳೆಯ ಸಂಖ್ಯೆ, ಕೆಲವರಿಗೆ ಹೊಸದು, ಅವಸರದಲ್ಲಿ ಕೆಲವರಿಗೆ ಹೆಸರು ಮಾತ್ರ ಬರೆದಿದ್ದರು.

ಬೆಳಿಗ್ಗೆ ಕಚೇರಿಯಲ್ಲಿ ಕಾಗದಗಳನ್ನು ತಾವು ನಡೆಯುವ ದಾರಿಯ ಕ್ರಮಕ್ಕೆ ಜೋಡಿಸಿಕೊಂಡೇ ಅಂಚೆಯವರು ಹೊರಡುತ್ತಾರೆ. ಹಾಗೆ ಜೋಡಿಸುವಾಗ ನಮ್ಮ ಅಂಚೆಯಣ್ಣ ತಮ್ಮದೇ ಗುಣಗಾನವನ್ನು ಎಷ್ಟು ಸಲ ಓದಿರಬಹುದೋ! ಆದರೂ ಪ್ರತಿ ಕಾರ್ಡನ್ನೂ ಸರಿಯಾದ ಮನೆಗೆ ಮುಟ್ಟಿಸಿದರು. ನಮ್ಮ ಮನೆಯ ಕಾರ್ಡಿನಲ್ಲಿ ತಪ್ಪು ಸಂಖ್ಯೆಯನ್ನು ಒಂದು ಗೆರೆಯಿಂದ ಹೊಡೆದು, ಪಕ್ಕದಲ್ಲಿ ನೀಲಿ ಶಾಯಿಯಿಂದ ಸರಿಯಾದದ್ದನ್ನು ಬರೆದಿದ್ದರು. ಕೈಗೆ ಕೊಡುವಾಗ ಅವರ ಮುಖದಲ್ಲಿ ವಿದ್ಯುತ್ ಬಿಲ್ಲು ಕೊಡುವಷ್ಟೇ ಗಾಂಭೀರ್ಯವಿತ್ತು. ಎದುರುಮನೆಯ ಅಜ್ಜಿ ಅದನ್ನು ಅವರಿಂದಲೇ ಓದಿಸಿಕೊಂಡು, "ಪಾಪ, ಒಳ್ಳೆಯವನಂತೆ, ನೀನೂ ಬಾರಪ್ಪ" ಎಂದು ಕರೆದರಂತೆ.

ಸಮಾರಂಭದ ದಿನ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲವೂ ಆದವು. ಮನೆಗೆ ಬೀಗ ಹಾಕಿದ್ದರೆ ರಿಜಿಸ್ಟರ್ ಕಾಗದದ ಚೀಟಿಯನ್ನು ಬಾಗಿಲಿಗೆ ಸಿಕ್ಕಿಸಿ ಅಷ್ಟಕ್ಕೇ ಬಿಡದೆ, ಸಂಜೆ ಎದುರಾದಾಗ "ನಾಳೆ ಇರ್ತೀರಾ?" ಎಂದು ಕೇಳುತ್ತಿದ್ದುದನ್ನು ಹಲವರು ನೆನೆದರು. ಅಧ್ಯಕ್ಷರ ಭಾಷಣ ಮಾಮೂಲಿನಂತೆ ಉದ್ದವಾಯಿತು.

ಕೊನೆಗೆ ಅಂಚೆಯಣ್ಣನ ಸರದಿ ಬಂದಾಗ ಅವರು ಪೇಟವನ್ನು ಸರಿಪಡಿಸಿಕೊಂಡು, ಜೇಬಿನಿಂದ ಒಂದು ಕಾರ್ಡನ್ನು ತೆಗೆದು ಕಾರ್ಯದರ್ಶಿಗಳತ್ತ ಚಾಚಿದರು. "ಸಾರ್, ಇವರು ಮನೆ ಖಾಲಿ ಮಾಡಿ ವರ್ಷವಾಯಿತು. ಕಳುಹಿಸಿದವರ ವಿಳಾಸ ಬರೆದಿಲ್ಲ, ಆದರೆ ಅಕ್ಷರ ತಮ್ಮದೇ."